ಪುಟಕ್ಕೆ ಎಷ್ಟು?

ಫೋನು ಬಂದರೆ ಮೊದಲ ಪ್ರಶ್ನೆ ಅದೇ. ಹೆಸರು ಹೇಳುತ್ತಾರೆ, ಒಂದು ಕಾದಂಬರಿ ಇದೆ ಎನ್ನುತ್ತಾರೆ, ಯಾರೋ ನಿಮ್ಮ ನಂಬರ್ ಕೊಟ್ಟರು ಎನ್ನುತ್ತಾರೆ. ಆಮೇಲೆ, "ಪ್ರೂಫ್ ನೋಡೋಕೆ ಪುಟಕ್ಕೆ ಎಷ್ಟು ತಗೋತೀರಾ ಮೇಡಂ?" ಮೊದಮೊದಲು ನಾನು ಥಟ್ ಅಂತ ಒಂದು ಸಂಖ್ಯೆ ಹೇಳಿಬಿಡುತ್ತಿದ್ದೆ. ಕೇಳಿದವರು ಕಾಯುತ್ತಿದ್ದಾರಲ್ಲ ಎಂಬ ಸಂಕೋಚ. ಈಗ ಹೇಳುವುದಿಲ್ಲ. "ಹತ್ತು ಪುಟ ಕಳಿಸಿ, ಮಧ್ಯದಿಂದ ಕಳಿಸಿ, ನಾಡಿದ್ದು ಹೇಳ್ತೀನಿ" ಅನ್ನುತ್ತೇನೆ. ಕೆಲವರಿಗೆ ಇದು ಇಷ್ಟ ಆಗುವುದಿಲ್ಲ. ಅಂಗಡಿಯಲ್ಲಿ ಅಕ್ಕಿಯ ಬೆಲೆ ಕೇಳಿದರೆ ನಾಡಿದ್ದು ಹೇಳುತ್ತೇನೆ ಅಂದ ಹಾಗೆ ಅವರಿಗೆ ಕೇಳಿಸುತ್ತದೆ. ಆದರೂ ನಾನು ಯಾಕೆ ಹಾಗೆ ಹೇಳುತ್ತೇನೆ ಎಂದು ಒಮ್ಮೆ ಕೂತು ಬರೆಯಬೇಕು ಅನ್ನಿಸಿತು.

ಪುಟದ ಲೆಕ್ಕ ಸುಮ್ಮನೆ ಹುಟ್ಟಿದ್ದಲ್ಲ. ನಮ್ಮ ಪುಸ್ತಕದ ಕೆಲಸವೆಲ್ಲ ಪುಟದಲ್ಲೇ ನಡೆಯುತ್ತದೆ. ಡಿಟಿಪಿ ಮಾಡುವವರು ಪುಟಕ್ಕಿಷ್ಟು ಅಂತ ತೆಗೆದುಕೊಳ್ಳುತ್ತಾರೆ. ಮುದ್ರಣದವರು ಹದಿನಾರು ಪುಟದ ಒಂದು ಫಾರಂ ಎಂದು ಎಣಿಸುತ್ತಾರೆ. ಐನೂರು ಪ್ರತಿ ಹಾಕಿಸುವ ಸಣ್ಣ ಪ್ರಕಾಶಕರು ಕಾಗದ, ಅಚ್ಚು, ಬೈಂಡಿಂಗ್ ಎಲ್ಲವನ್ನೂ ಫಾರಂ ಲೆಕ್ಕಕ್ಕೆ ತಂದು, ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡಿರುತ್ತಾರೆ. ಆ ಚೀಟಿಯಲ್ಲಿ ಪ್ರೂಫಿಗೂ ಒಂದು ಸಾಲು ಬೇಕು. ಹಾಗಾಗಿ ಅವರು ಕೇಳುವುದು ತಪ್ಪಲ್ಲ. ನಾನು ಉತ್ತರ ಕೊಡುತ್ತಿದ್ದ ರೀತಿ ತಪ್ಪಾಗಿತ್ತು.

ಯಾವ ಪುಟ?

ನನಗೆ ಇದು ತಿಳಿದದ್ದು ಒಂದು ಆತ್ಮಕಥೆಯಿಂದ. ಬರೆದವರು ನಿವೃತ್ತರು. ಎ4 ಹಾಳೆಯಲ್ಲಿ ನುಡಿ ಎಂಬ ತಂತ್ರಾಂಶದ ಅಕ್ಷರದಲ್ಲಿ ಟೈಪ್ ಮಾಡಿಸಿದ್ದರು. ಒಟ್ಟು 120 ಪುಟ. ಪುಟಕ್ಕೆ 20 ರೂಪಾಯಿ ಅಂತ ಮಾತಾಯಿತು. 2400 ರೂಪಾಯಿ. ಒಂದು ವಾರದ ಸಂಜೆಯ ಕೆಲಸ ಅಂದುಕೊಂಡೆ.

ಆ ಹಾಳೆಯ ಒಂದೊಂದು ಪುಟದಲ್ಲೂ ಸಾಲುಗಳು ಒತ್ತಾಗಿದ್ದವು. ಒಂದು ಪುಟ ನೋಡಲು ಒಂಬತ್ತು ನಿಮಿಷ ಹಿಡಿಯಿತು. ಮೊದಲ ಸುತ್ತಿಗೇ ಹದಿನೆಂಟು ಗಂಟೆ. ತಿದ್ದಿ ಕೊಟ್ಟ ಮೇಲೆ ಅದನ್ನು ಡೆಮಿ 1/8 ಎಂಬ ಪುಸ್ತಕದ ಅಳತೆಗೆ ಕೂರಿಸಿದರು. ಈಗ ಅದು 196 ಪುಟ ಆಯಿತು. ಎರಡನೇ ಪ್ರೂಫ್ ಆ 196 ಪುಟದ್ದು ಬಂತು. ಅದಕ್ಕೆ ಹತ್ತು ಗಂಟೆ. ಕೊನೆಯ ಪ್ರೂಫಿಗೆ ಐದು ಗಂಟೆ. ಒಟ್ಟು 33 ಗಂಟೆ. ಭಾಗಿಸಿ ನೋಡಿದರೆ ಗಂಟೆಗೆ 73 ರೂಪಾಯಿಯೂ ಪೂರ್ತಿ ಬರಲಿಲ್ಲ.

ಅವರು ಮೋಸ ಮಾಡಿದರು ಅಂತ ನಾನು ಹೇಳುತ್ತಿಲ್ಲ. ಅವರ ಮನಸ್ಸಿನಲ್ಲಿದ್ದ ಪುಟ ಬೇರೆ, ನನ್ನ ಮನಸ್ಸಿನಲ್ಲಿದ್ದ ಪುಟ ಬೇರೆ. ಎಷ್ಟು ಸುತ್ತು ಎಂಬುದನ್ನೂ ಇಬ್ಬರೂ ಮಾತಾಡಿರಲಿಲ್ಲ. ನಾನು ಒಂದು ಸುತ್ತು ಅಂದುಕೊಂಡಿದ್ದೆ. ಅವರಿಗೆ ಪ್ರೂಫ್ ನೋಡುವುದೆಂದರೆ ಪುಸ್ತಕ ಅಚ್ಚಿಗೆ ಹೋಗುವ ತನಕ ನೋಡುವುದು. ಯೋಚನೆ ಮಾಡಿದರೆ ಅವರದೇ ಸರಿ. ಮೊದಲ ಸುತ್ತಿನಲ್ಲಿ ಗುರುತು ಹಾಕಿದ್ದನ್ನು ಡಿಟಿಪಿಯವರು ತಿದ್ದಿದ್ದಾರೋ ಇಲ್ಲವೋ ನೋಡಬೇಕು. ಒಂದು ಪದ ತಿದ್ದುವಾಗ ಪಕ್ಕದ ಪದ ಅಳಿಸಿಹೋಗಿರಬಹುದು. ಒಂದು ಸಾಲು ಸೇರಿಸಿದ್ದಕ್ಕೆ ಮುಂದಿನ ಅಧ್ಯಾಯದ ತಲೆಬರಹ ಪುಟದ ಬುಡಕ್ಕೆ ಬಂದು ಒಂಟಿಯಾಗಿ ಕೂತಿರಬಹುದು. ಮೂರು ಸುತ್ತು ಇಲ್ಲದೆ ಪುಸ್ತಕವನ್ನು ಧೈರ್ಯವಾಗಿ ಬಿಟ್ಟುಕೊಡಲು ಆಗುವುದಿಲ್ಲ.

ಆಮೇಲೆ ನಾನು ಪುಟವನ್ನು ಕಣ್ಣಳತೆಯಲ್ಲಿ ನೋಡುವುದನ್ನು ಬಿಟ್ಟೆ. ಪದ ಎಣಿಸಿದರೆ ಹೇಗೆ ಅಂತ ನೋಡಿದೆ. ಕನ್ನಡದಲ್ಲಿ ಪದದ ಲೆಕ್ಕ ನಿಲ್ಲುವುದಿಲ್ಲ. ಒಬ್ಬರು "ಮಾಡಿಕೊಂಡುಬಂದಿದ್ದಾರೆ" ಅಂತ ಒಂದೇ ಪದವಾಗಿ ಬರೆಯುತ್ತಾರೆ. ಇನ್ನೊಬ್ಬರು "ಮಾಡಿ ಕೊಂಡು ಬಂದಿದ್ದಾರೆ" ಅಂತ ಮೂರು ಮಾಡುತ್ತಾರೆ. ಅವರ ಪುಸ್ತಕದಲ್ಲಿ ಪದ ಜಾಸ್ತಿ, ವಿಷಯ ಅಷ್ಟೇ. ಅದೂ ಅಲ್ಲದೆ ಬಿಡಿಸಿ ಬರೆದದ್ದನ್ನು ಕೂಡಿಸುವುದೇ ನನ್ನ ಕೆಲಸ. ನಾನು ತಿದ್ದಿದಷ್ಟೂ ನನ್ನ ಸಂಬಳ ಕಮ್ಮಿ ಆದ ಹಾಗೆ!

ಕೊನೆಗೆ ಅಕ್ಷರದ ಲೆಕ್ಕಕ್ಕೆ ಬಂದೆ. ಫೈಲನ್ನು ಯೂನಿಕೋಡಿಗೆ ತಂದ ಮೇಲೆ ಕಂಪ್ಯೂಟರ್ ತೋರಿಸುವ ಒಟ್ಟು ಅಕ್ಷರ, ನಡುವಿನ ಜಾಗವೂ ಸೇರಿ. ಕಂಪ್ಯೂಟರಿಗೆ ಕಾಗುಣಿತದ ಗುರುತು, ಒತ್ತು ಎಲ್ಲವೂ ಬೇರೆ ಬೇರೆ. "ರಾಷ್ಟ್ರ" ನಮಗೆ ಎರಡು ಅಕ್ಷರ, ಅದಕ್ಕೆ ಏಳು. ಇರಲಿ, ಎಲ್ಲ ಫೈಲನ್ನೂ ಒಂದೇ ರೀತಿ ಎಣಿಸಿದರೆ ಸಾಕು. ನಾನು ನೋಡಿದ ಡೆಮಿ ಪುಸ್ತಕಗಳಲ್ಲಿ ತುಂಬಿದ ಒಂದು ಪುಟಕ್ಕೆ ಹೆಚ್ಚುಕಮ್ಮಿ 1800 ಬರುತ್ತಿತ್ತು. ಹಾಗಾಗಿ 1800 ಅಂದರೆ ನನ್ನ ಒಂದು ಪುಟ. ಅಕ್ಷರ ದೊಡ್ಡದು ಮಾಡಿದರೂ ಚಿಕ್ಕದು ಮಾಡಿದರೂ, ಎ4 ಆದರೂ ಡೆಮಿ ಆದರೂ ಅದು ಬದಲಾಗುವುದಿಲ್ಲ. ಕವನ ಸಂಕಲನಕ್ಕೆ ಮಾತ್ರ ಇದು ಹೊಂದುವುದಿಲ್ಲ. ಅಲ್ಲಿ ಪುಟದಲ್ಲಿ ಎಂಟು ಸಾಲು ಇದ್ದರೂ ಒಂದೊಂದು ಸಾಲಿನ ಮುರಿತವನ್ನೂ ನೋಡಬೇಕು. ಕವನಕ್ಕೆ ಅಚ್ಚಾದ ಪುಟವನ್ನೇ ಎಣಿಸುತ್ತೇನೆ.

ತಪ್ಪಿಗಿಂತ ಅನುಮಾನ

ಪುಟ ಎಷ್ಟು ದೊಡ್ಡದು ಅಂತ ಗೊತ್ತಾದರೂ ಅದು ಎಷ್ಟು ಹೊತ್ತು ತಿನ್ನುತ್ತದೆ ಅಂತ ಗೊತ್ತಾಗುವುದಿಲ್ಲ. ತಪ್ಪು ಜಾಸ್ತಿ ಇದ್ದರೆ ಹೊತ್ತು ಜಾಸ್ತಿ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಬರೆದವರು ಕೂಡ "ತಪ್ಪು ಕಮ್ಮಿ ಇದೆ ಮೇಡಂ, ನಾನೇ ಎರಡು ಸಲ ನೋಡಿದ್ದೀನಿ, ಸ್ವಲ್ಪ ಕಮ್ಮಿ ಮಾಡ್ಕೊಳ್ಳಿ" ಅನ್ನುತ್ತಾರೆ. ನನ್ನ ಅನುಭವ ಬೇರೆ. ತಪ್ಪು ತಿದ್ದುವುದಕ್ಕೆ ಹೊತ್ತು ಬೇಡ. "ವಿಧ್ಯಾರ್ಥಿ" ಕಂಡರೆ ಕೈ ತಾನೇ "ವಿದ್ಯಾರ್ಥಿ" ಮಾಡುತ್ತದೆ. "ಸಂಭಂದ" ಕಂಡರೆ "ಸಂಬಂಧ". ಕೆಂಪು ಪೆನ್ನು ನಿಲ್ಲುವುದೇ ಇಲ್ಲ. "ವಿಶಿಷ್ಠ" ಇದ್ದರೆ ಠ ತೆಗೆದು ಟ ಹಾಕುತ್ತೇನೆ. ಕನಿಷ್ಠ, ಶ್ರೇಷ್ಠ, ಜ್ಯೇಷ್ಠ ಇವಕ್ಕೆ ಠ ಇರಲಿ. ಎಲ್ಲಕ್ಕಿಂತ ಹೆಚ್ಚು, ಎಲ್ಲಕ್ಕಿಂತ ಕಡಿಮೆ ಅನ್ನುವ ಅರ್ಥ ಬರುವಲ್ಲಿ ಠ. ವಿಶಿಷ್ಟ, ಉತ್ಕೃಷ್ಟ, ಶಿಷ್ಟ ಇವಕ್ಕೆ ಟ. ಇದು ಒಮ್ಮೆ ತಲೆಗೆ ಹೋದರೆ ಮತ್ತೆ ಯೋಚಿಸಬೇಕಾಗಿಲ್ಲ.

ಹೊತ್ತು ಹೋಗುವುದು ಬೇರೆ ಕಡೆ. ಒಂದು ಕಾದಂಬರಿಯ ಪುಟದಲ್ಲಿ ಇಂಥದೊಂದು ಜಾಗ ಇತ್ತು:

"ಅಪ್ಪ ಬಂದರು ಅವಳು ಎದ್ದು ನಿಲ್ಲಲಿಲ್ಲ. ಅವರ ಮಾತಿನ ಅರ್ಧ ಅವಳಿಗೆ ತಿಳಿಯಲಿಲ್ಲ."

ಇಲ್ಲಿ ಒಂದೂ ತಪ್ಪು ಪದ ಇಲ್ಲ. ಕಾಗುಣಿತ ನೋಡುವ ಯಾವ ತಂತ್ರಾಂಶಕ್ಕೆ ಕೊಟ್ಟರೂ ಸುಮ್ಮನಿರುತ್ತದೆ. ಆದರೆ "ಬಂದರು" ಅಂದರೆ ಬಂದದ್ದಷ್ಟೇ. "ಬಂದರೂ" ಅಂದರೆ ಬಂದಾಗಲೂ ಅವಳು ಏಳಲಿಲ್ಲ, ಅವಳಿಗೆ ಏನೋ ಕೋಪ ಇದೆ. ಅಥವಾ "ಅಪ್ಪ ಬಂದರು" ಆದ ಮೇಲೆ ಒಂದು ಪೂರ್ಣವಿರಾಮ ಬಿಟ್ಟುಹೋಗಿದೆಯೋ? ಆಗ ಎರಡು ಚಿಕ್ಕ ವಾಕ್ಯ, ಅವಳು ಸುಮ್ನೆ ಕೂತಿದ್ದಾಳೆ. ಇನ್ನು "ಅರ್ಧ". ಅವರು ಹೇಳಿದ್ದರಲ್ಲಿ ಅರ್ಧ ತಿಳಿಯಲಿಲ್ಲವೋ, ಹೇಳಿದ್ದರ ಅರ್ಥವೇ ತಿಳಿಯಲಿಲ್ಲವೋ? ಧ ಮತ್ತು ಥ ನಡುವೆ ಇರುವುದು ಹೊಟ್ಟೆಯೊಳಗಿನ ಒಂದು ಚುಕ್ಕೆ. ಟೈಪ್ ಮಾಡುವಾಗ ಸುಲಭವಾಗಿ ತಪ್ಪುತ್ತದೆ. ನಾನು ಎರಡು ಪುಟ ಹಿಂದೆ ಹೋಗಿ ಅಪ್ಪ ಯಾವ ಭಾಷೆಯಲ್ಲಿ ಮಾತಾಡುತ್ತಿದ್ದಾರೆ, ಮಗಳಿಗೆ ವಯಸ್ಸೆಷ್ಟು ಅಂತ ನೋಡಿದೆ. ಆದರೂ ಗೊತ್ತಾಗಲಿಲ್ಲ. ಪೆನ್ಸಿಲಿನಲ್ಲಿ ಎರಡು ಪ್ರಶ್ನಾರ್ಥಕ ಚಿಹ್ನೆ ಹಾಕಿ ಪ್ರಶ್ನೆಗಳ ಹಾಳೆಯಲ್ಲಿ ಪುಟ, ಸಾಲು ಬರೆದಿಟ್ಟೆ. ಈ ಎರಡು ವಾಕ್ಯಕ್ಕೆ ನಾಲ್ಕು ನಿಮಿಷ ಹೋಯಿತು. ಅದೇ ಪುಟದಲ್ಲಿ ನಿಜವಾದ ತಪ್ಪು ಹನ್ನೊಂದು ಇದ್ದವು. ಅವಕ್ಕೆಲ್ಲ ಸೇರಿ ಒಂದು ನಿಮಿಷವೂ ಆಗಿರಲಿಕ್ಕಿಲ್ಲ.

ಅದಕ್ಕೇ ಕೆಂಪು ಪೆನ್ನು ಬೇರೆ, ಪೆನ್ಸಿಲ್ ಬೇರೆ ಇಟ್ಟುಕೊಂಡಿದ್ದೇನೆ. ಖಂಡಿತ ಗೊತ್ತಿದ್ದದ್ದಕ್ಕೆ ಕೆಂಪು. ಕೇಳಬೇಕಾದದ್ದಕ್ಕೆ ಪೆನ್ಸಿಲ್. ಮಾದರಿ ಹತ್ತು ಪುಟ ಬಂದಾಗ ನಾನು ನಿಜವಾಗಿ ಎಣಿಸುವುದು ಪೆನ್ಸಿಲ್ ಗುರುತುಗಳನ್ನು. ಮಧ್ಯದ ಪುಟಗಳನ್ನೇ ಕೇಳುವುದಕ್ಕೂ ಕಾರಣ ಇದೆ. ಮೊದಲ ಅಧ್ಯಾಯವನ್ನು ಬರೆದವರು ಹತ್ತು ಸಲ ತಿದ್ದಿರುತ್ತಾರೆ, ಗೆಳೆಯರಿಗೆ ಓದಲು ಕೊಟ್ಟಿರುತ್ತಾರೆ. ಪುಸ್ತಕದ ನಿಜವಾದ ಸ್ಥಿತಿ ಗೊತ್ತಾಗುವುದು ನಡುವೆ.

ಫೈಲಿನ ಅವಸ್ಥೆಯೂ ಹತ್ತು ಪುಟದಲ್ಲೇ ತಿಳಿಯುತ್ತದೆ. ಹಳೆಯ ನುಡಿಯಲ್ಲಿ ಟೈಪ್ ಮಾಡಿದ್ದನ್ನು ಆ ಫಾಂಟ್ ಇಲ್ಲದ ಕಡೆ ತೆರೆದರೆ "ಕನ್ನಡ" ಇರುವಲ್ಲಿ `PÀ£ÀßqÀ` ಎಂದು ಕಾಣುತ್ತದೆ. ಅದನ್ನು ಯೂನಿಕೋಡಿಗೆ ಬದಲಾಯಿಸಬಹುದು. ಆದರೆ ನಡುವೆ ಇಂಗ್ಲಿಷ್ ಪದ ಇದ್ದರೆ ಬದಲಾಯಿಸುವ ತಂತ್ರಾಂಶ ಅದೂ ಕನ್ನಡ ಅಂತ ತಿಳಿದು ಅರ್ಥವಿಲ್ಲದ ಅಕ್ಷರ ಮಾಡಿಬಿಡುತ್ತದೆ. "ಪಾರ್ಕ್‌ನಲ್ಲಿ" ಎಂಬಲ್ಲಿ ಕ್ ಮತ್ತು ನ ಬಿಡಿಯಾಗಿ ನಿಲ್ಲಬೇಕು. ಅಲ್ಲಿರುವ ಕಣ್ಣಿಗೆ ಕಾಣದ ಗುರುತು ಬಿದ್ದುಹೋದರೆ "ಪಾರ್ಕ್ನಲ್ಲಿ" ಆಗುತ್ತದೆ. ಇನ್ನೊಂದು, ಯೂನಿಕೋಡಿನಲ್ಲೇ ಟೈಪ್ ಮಾಡಿದವರು ಕೂಡ ಅನುಸ್ವಾರದ ಬದಲು ಕನ್ನಡದ ಸೊನ್ನೆ ಹಾಕಿರುತ್ತಾರೆ. "ಬೆ೦ಗಳೂರು" ಅಂತ. ಕಾಗದದಲ್ಲಿ ಬೇಗ ಕಾಣುವುದಿಲ್ಲ. "ಬೆಂಗಳೂರು" ಅಂತ ಹುಡುಕಿದಾಗ ಒಂದೂ ಸಿಗದಿದ್ದರೆ ಆಗ ಗೊತ್ತಾಗುತ್ತದೆ. ಎಲ್ಲ ಸೊನ್ನೆಯನ್ನೂ ಒಂದೇ ಏಟಿಗೆ ಬದಲಾಯಿಸಲು ಹೋಗಬಾರದು. ಇಸವಿ, ವಯಸ್ಸು ಕನ್ನಡ ಅಂಕಿಯಲ್ಲಿದ್ದರೆ ಅವೂ ಹಾಳಾಗುತ್ತವೆ. ಒಂದೊಂದಾಗಿ ನೋಡಬೇಕು. ಈ ಕೆಲಸ ಪ್ರೂಫ್ ಅಲ್ಲ. ಇದಕ್ಕೆ ಬೇರೆ ದುಡ್ಡು ಕೇಳುತ್ತೇನೆ, ಮೊದಲೇ ಕೇಳುತ್ತೇನೆ.

ಲಿಕ್ಕತ್ತಾನ, ಆಕತ್ತಾನ

ನಾನು ಮರೆಯಲಾಗದ ಒಂದು ಹಸ್ತಪ್ರತಿ ಬೆಳಗಾವಿ ಕಡೆಯ ಒಬ್ಬ ಹಿರಿಯರದು. ಶಾಲೆಯಲ್ಲಿ ಮೇಷ್ಟ್ರಾಗಿದ್ದವರು. ಕಾದಂಬರಿಯ ನಿರೂಪಣೆ ಪುಸ್ತಕದ ಕನ್ನಡದಲ್ಲಿ, ಮಾತುಕತೆ ಅವರ ಊರಿನ ಕನ್ನಡದಲ್ಲಿ. ನಾನು ಹಳೆ ಮೈಸೂರು ಕಡೆಯವಳು. ಆ ಮಾತು ಕೇಳಿ ಗೊತ್ತು, ಆಡಿ ಗೊತ್ತಿಲ್ಲ. ಆದರೂ ಹೆದರಿಕೆ ಇಲ್ಲದೆ ಕೂತೆ.

ಒಂದು ಕಡೆ "ಬರಾಕತ್ತಾನ" ಅಂತ ಇತ್ತು. ಮುಂದಿನ ಪುಟದಲ್ಲಿ "ಬರ್ಲಿಕ್ಕತ್ತಾನ". ಆಮೇಲೆ "ಮಾಡಾಕತ್ತೇನಿ", ಮತ್ತೆ "ಮಾಡ್ಲಿಕ್ಕತ್ತೇನಿ". ಒಂದೇ ಪುಸ್ತಕದಲ್ಲಿ ಒಂದೇ ಮಾತಿಗೆ ಎರಡು ರೂಪ ಇದ್ದರೆ ಒಂದಕ್ಕೆ ತರಬೇಕು ಅಂತ ನಾವೆಲ್ಲ ಕಲಿತಿದ್ದೇವೆ. "ಅಂಥ" ಇರಲಿ "ಅಂತಹ" ಇರಲಿ, ಉದ್ದಕ್ಕೂ ಒಂದೇ ಇರಬೇಕು. "ಕೂಡ", "ಕೂಡಾ" ಹಾಗೇ. ಅದೇ ನಿಯಮ ಹಿಡಿದು ನಾನು ಎಲ್ಲವನ್ನೂ "ಆಕತ್ತಾನ" ಮಾಡಿದೆ. ಅರವತ್ತಕ್ಕೂ ಹೆಚ್ಚು ಕಡೆ, ಕೆಂಪು ಪೆನ್ನಿನಲ್ಲಿ. ಪೆನ್ಸಿಲಿನಲ್ಲಿ ಹಾಕಿದ್ದರೆ ಸಾಕಿತ್ತು.

ಅವರು ಪ್ರೂಫ್ ನೋಡಿ ಫೋನು ಮಾಡಿದರು. ಸಿಟ್ಟು ಮಾಡಲಿಲ್ಲ. "ಯವ್ವಾ, ನೀವು ಭಾಳ ಕಾಳಜಿಯಿಂದ ನೋಡೀರಿ. ಆದ್ರ ನಮ್ಮ ದೇಸಾಯರ ಮನಿ ಮಂದಿ ಹಂಗ ಮಾತಾಡೂದಿಲ್ರಿ" ಅಂದರು. ಆಮೇಲೆ ಬಿಡಿಸಿ ಹೇಳಿದರು. ದೊಡ್ಡ ಮನೆಯವರು, ಓದಿದವರು "ಬರ್ಲಿಕ್ಕತ್ತಾನ" ಅನ್ನುತ್ತಾರೆ. ಹೊಲದಲ್ಲಿ ದುಡಿಯುವವರು "ಬರಾಕತ್ತಾನ" ಅನ್ನುತ್ತಾರೆ. ಆಳಿನ ಮಗ ಧಾರವಾಡಕ್ಕೆ ಕಾಲೇಜಿಗೆ ಹೋಗುತ್ತಾನೆ. ರಜೆಗೆ ಬಂದಾಗ ಅವ್ವನ ಮುಂದೆ ಮೊದಲ ಸಲ "ಓದ್ಲಿಕ್ಕತ್ತೇನಿ" ಅನ್ನುತ್ತಾನೆ. ಅವ್ವ ಒಂದು ಕ್ಷಣ ರೊಟ್ಟಿ ಬಡಿಯುವುದನ್ನು ನಿಲ್ಲಿಸುತ್ತಾಳೆ. ಬರೆದದ್ದು ಅಷ್ಟೇ. ಆ ಅಧ್ಯಾಯದ ಜೀವ ಆ ಒಂದು ಮಾತಿನಲ್ಲಿ ಇತ್ತು. ನಾನು ಅದನ್ನು "ಓದಾಕತ್ತೇನಿ" ಮಾಡಿದ್ದೆ. ರೊಟ್ಟಿ ಬಡಿಯುವುದು ಯಾಕೆ ನಿಂತಿತು ಅಂತ ಓದುವವರಿಗೆ ಗೊತ್ತಾಗುವ ಹಾಗೇ ಇರಲಿಲ್ಲ.

ಎಲ್ಲವನ್ನೂ ವಾಪಸ್ ತರಲು ಎರಡು ದಿನ ಹಿಡಿಯಿತು. ತಿದ್ದಿದ ಜಾಗದ ಕೆಳಗೆ ಚುಕ್ಕೆ ಹಾಕಿ "ಹಾಗೇ ಇರಲಿ" ಅಂತ ಪಕ್ಕದಲ್ಲಿ ಬರೆದೆ, ಅರವತ್ತು ಕಡೆ. ಅದಕ್ಕೆ ದುಡ್ಡು ಕೇಳಲಿಲ್ಲ. ಕೇಳುವ ಹಾಗೂ ಇರಲಿಲ್ಲ. ಅಂದಿನಿಂದ ಕಥೆ, ಕಾದಂಬರಿ ಯಾವುದೇ ಬಂದರೂ ಪೆನ್ನು ಮುಟ್ಟದೆ ಒಮ್ಮೆ ಓದುತ್ತೇನೆ. ಯಾರು ಹೇಗೆ ಮಾತಾಡುತ್ತಾರೆ ಅಂತ ಒಂದು ಹಾಳೆಯಲ್ಲಿ ಬರೆದುಕೊಳ್ಳುತ್ತೇನೆ. ಯಾವ ಪದಕ್ಕೆ ಯಾವ ರೂಪ ಅಂತ ಬರೆದಿಟ್ಟ ಪದಪಟ್ಟಿಯ ಜೊತೆಗೆ ಆ ಹಾಳೆಯೂ ಇರುತ್ತದೆ. ಎರಡನ್ನೂ ಬರೆದವರಿಗೆ ಕಳಿಸಿ "ಸರಿ" ಅನ್ನಿಸಿಕೊಂಡ ಮೇಲೆ ಪೆನ್ನು ಹಿಡಿಯುತ್ತೇನೆ. ಈ ಓದಿಗೆ ಆರೇಳು ಗಂಟೆ ಹೋಗುತ್ತದೆ. ಅದನ್ನು ಬಿಲ್ಲಿನಲ್ಲಿ ಬೇರೆ ಸಾಲಾಗಿ ಹಾಕುವುದಿಲ್ಲ, ಗಂಟೆಯ ದರದಲ್ಲಿ ಸೇರಿಸಿಕೊಂಡಿದ್ದೇನೆ.

ಈಗಿನ ಲೆಕ್ಕ

ನನಗೆ ಗಂಟೆಗೆ 200 ರೂಪಾಯಿ ಬರಬೇಕು. ಇದು ನಾನು ನನಗೆ ಹಾಕಿಕೊಂಡ ದರ. ಬೇರೆಯವರದು ಬೇರೆ ಇರಬಹುದು. ಮಾದರಿ ಹತ್ತು ಪುಟಕ್ಕೆ, ಅಂದರೆ 18,000 ಅಕ್ಷರಕ್ಕೆ, ಮೊದಲ ಸುತ್ತಿನಲ್ಲಿ ಎಷ್ಟು ನಿಮಿಷ ಆಯಿತು ಅಂತ ಮೊಬೈಲಿನಲ್ಲಿ ಹಿಡಿಯುತ್ತೇನೆ. ಎರಡನೆಯ, ಮೂರನೆಯ ಸುತ್ತು ಸೇರಿ ಮೊದಲ ಸುತ್ತಿನ ಮುಕ್ಕಾಲು ಪಾಲು ಹೊತ್ತು ಹಿಡಿಯುತ್ತದೆ. ಹಳೆಯ ಕೆಲಸಗಳನ್ನು ನೋಡಿ ಇದನ್ನು ಕಂಡುಕೊಂಡೆ. ಬೆಳಗಾವಿಯ ಆ ಕಾದಂಬರಿಯ ಹತ್ತು ಪುಟಕ್ಕೆ 70 ನಿಮಿಷ ಆಗಿತ್ತು. ಪುಟಕ್ಕೆ ಏಳು. ಅದರ ಮುಕ್ಕಾಲು ಸೇರಿಸಿದರೆ ಹನ್ನೆರಡು ಕಾಲು ನಿಮಿಷ. ಗಂಟೆಗೆ 200 ಅಂದರೆ ಪುಟಕ್ಕೆ ಸುಮಾರು 40 ರೂಪಾಯಿ, ಮೂರು ಸುತ್ತೂ ಸೇರಿ. ಹೀಗೆ ಬಿಡಿಸಿ ಹೇಳಿದರೆ ಚೌಕಾಸಿ ಕಮ್ಮಿ ಆಗುತ್ತದೆ. ದರ ಇಳಿಸಬೇಕಾದರೆ ಯಾವ ಸುತ್ತು ಬೇಡ ಅಂತ ಅವರೇ ಹೇಳಬೇಕಾಗುತ್ತದೆ. ಯಾರೂ ಹೇಳಿಲ್ಲ.

ಹಸ್ತಪ್ರತಿಯ ಸಂಪಾದನೆ, ಅಂದರೆ ಎಡಿಟಿಂಗ್, ಬೇರೆ ಕೆಲಸ. ವಾಕ್ಯ ಮುರಿದು ಕಟ್ಟುವುದು, ಒಂದೇ ಪ್ರಸಂಗ ಎರಡು ಕಡೆ ಬಂದದ್ದನ್ನು ತೋರಿಸುವುದು, ನಾಲ್ಕನೇ ಅಧ್ಯಾಯದಲ್ಲಿ ಸತ್ತ ಅಜ್ಜ ಒಂಬತ್ತರಲ್ಲಿ ಜಗಲಿಯಲ್ಲಿ ಕೂತಿದ್ದಾನೆ ಅಂತ ಹೇಳುವುದು. ಅದಕ್ಕೆ ಗಂಟೆಗೆ ನಾಲ್ಕು ಪುಟ ಆದರೆ ಪುಣ್ಯ. ಪ್ರೂಫ್ ದರದಲ್ಲಿ ಸಂಪಾದನೆ ಮಾಡಿಕೊಡಿ ಅಂದರೆ ನಾನು ಒಪ್ಪುವುದಿಲ್ಲ. "ಹಾಗೇ ಸ್ವಲ್ಪ ಭಾಷೆ ಕೂಡ ನೋಡ್ಬಿಡಿ" ಅನ್ನುವ ಮಾತು ಬಂದ ಕೂಡಲೇ ಕೇಳಬೇಕು: ವಾಕ್ಯ ಬದಲಾಯಿಸಬೇಕೋ, ತಪ್ಪು ಮಾತ್ರ ನೋಡಬೇಕೋ? ಒಂದು ಪುಟವನ್ನು ಎರಡೂ ರೀತಿ ಮಾಡಿ ಕಳಿಸಿದರೆ ಅವರಿಗೂ ಯಾವುದು ಬೇಕು ಅಂತ ತಿಳಿಯುತ್ತದೆ.

ಎರಡನೇ ಪ್ರೂಫಿನಲ್ಲಿ ಹೊಸದಾಗಿ ಬರೆದು ಸೇರಿಸುವವರು ಇದ್ದಾರೆ. ಒಬ್ಬರು ಹದಿನಾಲ್ಕು ಪುಟ ಸೇರಿಸಿದ್ದರು, ಕೈಬರಹದಲ್ಲಿ. ಅದು ಹೊಸ ಪುಟ. ಮೂರು ಸುತ್ತಿನ ದರವೇ ಬೀಳುತ್ತದೆ ಅಂತ ಮೊದಲೇ ಬರೆದು ಕಳಿಸುತ್ತೇನೆ. ಅರ್ಧ ದುಡ್ಡು ಶುರುವಿಗೆ, ಉಳಿದರ್ಧ ಕೊನೆಯ ಪ್ರೂಫ್ ಕೊಡುವ ಮುಂಚೆ. "ಲೈಬ್ರರಿ ದುಡ್ಡು ಬಂದ ಮೇಲೆ ಕೊಡ್ತೀವಿ" ಅಂದವರನ್ನು ನಂಬಿ ಎರಡು ವರ್ಷ ಕಾದಿದ್ದೇನೆ. ಅವರ ಕಷ್ಟ ನನಗೆ ಅರ್ಥ ಆಗುತ್ತದೆ. ಗ್ರಂಥಾಲಯದ ಖರೀದಿ ಇಲ್ಲದೆ ಅವರ ಐನೂರು ಪ್ರತಿ ಖಾಲಿ ಆಗುವುದು ಕಷ್ಟ. ಆದರೆ ಮುದ್ರಣದವರು, ಬೈಂಡಿಂಗಿನವರು ಹಾಗೆ ಕಾಯುವುದಿಲ್ಲ. ಪ್ರೂಫ್ ನೋಡುವವರೊಬ್ಬರೇ ಯಾಕೆ ಕಾಯಬೇಕು?

ಡಿಸೆಂಬರ್ ಬಂದರೆ ಮಾತ್ರ ನನ್ನ ಈ ಲೆಕ್ಕವೆಲ್ಲ ಅಲುಗಾಡುತ್ತದೆ. ಆ ವರ್ಷದ ಇಸವಿ ಪುಸ್ತಕದ ಮೇಲೆ ಬೀಳಬೇಕು ಅಂತ ಎಲ್ಲರಿಗೂ ಅವಸರ. ಬಿಡುಗಡೆಗೆ ಸಭಾಂಗಣ ಗೊತ್ತು ಮಾಡಿ ಆಮೇಲೆ ಪ್ರೂಫ್ ಕಳಿಸುತ್ತಾರೆ. ಐದು ದಿನದಲ್ಲಿ ಇನ್ನೂರು ಪುಟ. ಒಂದು ದಿನಕ್ಕೆ ಐದು ಗಂಟೆಗಿಂತ ಹೆಚ್ಚು ಪ್ರೂಫ್ ನೋಡಿದರೆ ನನ್ನ ಕಣ್ಣು ಪದವನ್ನು ಓದುವುದಿಲ್ಲ, ಊಹಿಸುತ್ತದೆ. "ಅರ್ಧ" ಇದ್ದರೂ "ಅರ್ಥ" ಅಂತಲೇ ಕಾಣುತ್ತದೆ. ದುಡ್ಡು ಜಾಸ್ತಿ ಕೊಟ್ಟರೂ ಅದು ಸರಿಹೋಗುವುದಿಲ್ಲ. ಹಾಗಾಗಿ ಅವಸರದ ಕೆಲಸಕ್ಕೆ ಹೆಚ್ಚು ದರ ಅಂತ ನಾನು ಇಟ್ಟುಕೊಂಡಿಲ್ಲ. ಆಗುತ್ತದೆ ಅಥವಾ ಆಗುವುದಿಲ್ಲ, ಎರಡೇ.

ಕಳೆದ ತಿಂಗಳು ಬೆಳಗಾವಿಯ ಮೇಷ್ಟ್ರು ಇನ್ನೊಂದು ಕಾದಂಬರಿ ಕಳಿಸಿದರು. ಕಟ್ಟಿನ ಮೇಲೆ ಅರ್ಧ ಹಾಳೆಯ ಪಟ್ಟಿ ಇತ್ತು, ಅವರದೇ ದುಂಡಗಿನ ಅಕ್ಷರದಲ್ಲಿ. ಯಾವ ಪಾತ್ರ ಯಾವ ಊರಿನವರು, ಯಾರು "ಆಕತ್ತಾನ", ಯಾರು "ಲಿಕ್ಕತ್ತಾನ", ಯಾರು ಎಲ್ಲಿಂದ ಬದಲಾಯಿಸುತ್ತಾರೆ. ಕೊನೆಯಲ್ಲಿ "ಇನ್ನ ಏನರ ಅನುಮಾನ ಇದ್ರ ಫೋನ್ ಮಾಡ್ರಿ ಯವ್ವಾ" ಅಂತ ಬರೆದಿದ್ದರು. 2,88,000 ಅಕ್ಷರ, ನನ್ನ ಲೆಕ್ಕದಲ್ಲಿ 160 ಪುಟ. ನಡುವಿನ ಹತ್ತು ಪುಟ ತೆಗೆದು ನೋಡಿದೆ. 48 ನಿಮಿಷ ಆಯಿತು. ಪೆನ್ಸಿಲ್ ಗುರುತು ಎರಡೇ ಎರಡು. ಪುಟಕ್ಕೆ 28 ರೂಪಾಯಿ, ಒಟ್ಟು 4480 ಅಂತ ಬರೆದು ಕಳಿಸಿದೆ. "ಹೋದ ಸಲಕ್ಕಿಂತ ಕಮ್ಮಿ ಯಾಕ್ರಿ?" ಅಂತ ಅವರು ಕೇಳಿದರು. ಪಟ್ಟಿ ಕಳಿಸಿದ್ದೀರಲ್ಲ ಸರ್, ಅಂದೆ.